ರಾತ್ರೋರಾತ್ರಿ ಫಾಲೋವರ್‌ಗಳು ಮಾಯ

ಬೈಯಪ್ಪನಹಳ್ಳಿಯ ಓದುಗರೇ, ನಿಮ್ಮ ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಖಾತೆಯಲ್ಲಿ 6,200 ಇದ್ದ ಫಾಲೋವರ್‌ಗಳು ಬೆಳಗಾಗುವಷ್ಟರಲ್ಲಿ 5,450ಕ್ಕೆ ಇಳಿದಿದ್ದಾರೆ. ಆದರೆ ರೀಲ್ಸ್ ನೋಡುವವರು, ಬೆಲೆ ಕೇಳುವವರು ಮೊದಲಿನಷ್ಟೇ ಇದ್ದಾರೆ ಎಂದಿದ್ದೀರಿ. ಹಾಗಿದ್ದರೆ ಇದು ನಿಮ್ಮ ಖಾತೆಯ ಮೇಲಿನ ನಿರ್ಬಂಧವಲ್ಲ, ಬಹುತೇಕ ನಕಲಿ ಖಾತೆಗಳ ಸಫಾಯಿ. 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಹೀಗೇ ಗುಡಿಸಿದಾಗ ದೊಡ್ಡ ದೊಡ್ಡ ತಾರೆಯರೇ ಲಕ್ಷಗಟ್ಟಲೆ ಫಾಲೋವರ್‌ಗಳನ್ನು ಕಳೆದುಕೊಂಡಿದ್ದರು. ಬಾಟ್‌ಗಳು ಹೇಗೂ ಸೀರೆ ಕೊಳ್ಳುವುದಿಲ್ಲ ಬಿಡಿ.

ನಿರ್ಬಂಧವಾದರೆ ಲಕ್ಷಣ ಉಲ್ಟಾ: ಫಾಲೋವರ್‌ಗಳ ಸಂಖ್ಯೆ ಹೆಚ್ಚು ಅಲುಗುವುದಿಲ್ಲ, ಹೊಸಬರಿಗೆ ಪೋಸ್ಟ್ ತಲುಪುವುದು ಕುಸಿಯುತ್ತದೆ. ಇನ್‌ಸೈಟ್ಸ್‌ನಲ್ಲಿ Non-followers ಪಾಲನ್ನು ಹಿಂದಿನ ತಿಂಗಳಿನ ಜತೆ ಹೋಲಿಸಿ ನೋಡಿ. ಒಂದೆರಡು ರೀಲ್ಸ್ ಸೋತರೆ ಲೆಕ್ಕಕ್ಕಿಲ್ಲ. ಎಲ್ಲವೂ ಒಟ್ಟಿಗೆ ಬಿದ್ದಿದ್ದರೆ ಸೆಟ್ಟಿಂಗ್ಸ್‌ನ Account Status ತೆರೆಯಿರಿ. ಶಿಫಾರಸಿಗೆ ತಡೆಯಾದ ಪೋಸ್ಟ್ ಇದ್ದರೆ ಅಲ್ಲೇ ಕಾಣುತ್ತದೆ, ಮರುಪರಿಶೀಲನೆಯನ್ನೂ ಅಲ್ಲೇ ಕೇಳಬಹುದು. ಹೋದ 750 ತುಂಬಿಸಲು ಫಾಲೋವರ್‌ಗಳನ್ನು ಮಾತ್ರ ಕೊಳ್ಳಬೇಡಿ. ಮುಂದಿನ ಸಫಾಯಿಯಲ್ಲಿ ಅವರೂ ಹೋಗುತ್ತಾರೆ.