‘ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ

ಪ್ರಶ್ನೆ: ನಾನು ಬಿ.ಕಾಂ. ಓದಿದ್ದೇನೆ. ದಾವಣಗೆರೆಯಲ್ಲಿ ಪೈಪ್ ತಯಾರಿಸುವ ಒಂದು ಕಂಪನಿಯಲ್ಲಿ 6 ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಯಜಮಾನರಿಗೆ ವರ್ಗವಾಗಿ ಮೈಸೂರಿಗೆ ಬಂದು ನಾಲ್ಕು ತಿಂಗಳಾಯಿತು. ‘ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ, ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ’ ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ, ಕಾಲೇಜಿನ ಗುಂಪಿಗೂ ಬಂಧುಗಳ ಗುಂಪಿಗೂ ಕಳಿಸಿದೆ. ‘ಆಲ್ ದಿ ಬೆಸ್ಟ್’ ಬಂತು, ಕೈಮುಗಿದ ಚಿತ್ರಗಳು ಬಂದವು, ಕೆಲಸದ ಸುಳಿವು ಮಾತ್ರ ಬರಲಿಲ್ಲ. ಇನ್ನೂ ಯಾರನ್ನು ಕೇಳಲಿ ಸರ್?
– ಎಸ್. ಎಂ., ಮೈಸೂರು

ಉತ್ತರ: ನೀವು ಕೇಳಿದ ಜನ ಸಾಕಷ್ಟಿದ್ದಾರೆ. ಆದರೆ ನಿಮ್ಮ ಸಂದೇಶ ಓದಿದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಕೌಂಟ್ಸ್ ಅಂದರೆ ಬಿಲ್ ಬರೆಯುವುದೂ ಹೌದು, ಬ್ಯಾಲೆನ್ಸ್ ಶೀಟ್ ಮುಗಿಸಿ ಆಡಿಟರ್ ಮುಂದೆ ಇಡುವುದೂ ಹೌದು. ಯಾವ ಊರು, ಎಷ್ಟು ಅನುಭವ, ಯಾವಾಗ ಸೇರುತ್ತೀರಿ ಎಂಬುದೂ ಇರಲಿಲ್ಲ. ನಿಮ್ಮ ಚಿಕ್ಕಮ್ಮನ ಮಗನ ಆಫೀಸಿನಲ್ಲೇ ಜಾಗ ಖಾಲಿ ಇದ್ದರೂ ಅದು ನಿಮಗೆ ಹೊಂದುವ ಜಾಗ ಎಂದು ಅವನಿಗೆ ಹೊಳೆಯುವಂತಿರಲಿಲ್ಲ.

ಮೊದಲು, ಜಾಗ ಖಾಲಿಯಾದ ಸುದ್ದಿ ಯಾರ ಕಿವಿಗೆ ಬೀಳುತ್ತದೆ ನೋಡೋಣ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ಕೂರ್ಗಳ್ಳಿಯ ಸಣ್ಣ ಮಧ್ಯಮ ಕಾರ್ಖಾನೆಗಳಲ್ಲಿ ಅಕೌಂಟೆಂಟ್ ಕೆಲಸ ಬಿಟ್ಟರೆ ಮಾಲೀಕರು ಜಾಹೀರಾತು ಕೊಡುವ ಮೊದಲು ತಮ್ಮ ಆಡಿಟರ್‌ಗೆ ಫೋನ್ ಮಾಡುತ್ತಾರೆ: ‘ಸರ್, ಯಾರಾದರೂ ಒಳ್ಳೆಯವರಿದ್ದರೆ ಹೇಳಿ.’ ಒಂದೊಂದು ಆಡಿಟರ್ ಆಫೀಸಿಗೆ ಹತ್ತಾರು ಕಂಪನಿಗಳ ಲೆಕ್ಕ ಬರುತ್ತದೆ. ಹಾಗಾಗಿ ನೀವು ತಲುಪಬೇಕಾದದ್ದು ಮೈಸೂರಿನ ಆಡಿಟರ್‌ಗಳನ್ನು. ಅವರು ನಿಮಗೆ ಗೊತ್ತಿಲ್ಲ, ನಿಜ. ಆದರೆ ದಾವಣಗೆರೆಯಲ್ಲಿ ನಿಮ್ಮ ಕಂಪನಿಯ ಲೆಕ್ಕ ನೋಡುತ್ತಿದ್ದ ಆಡಿಟರ್ ಗೊತ್ತಲ್ಲ? 6 ವರ್ಷ ನಿಮ್ಮ ಪುಸ್ತಕ ತಿರುವಿದವರು. ನೀವು ಎಂಥ ಕೆಲಸಗಾರ್ತಿ ಎಂದು ನಿಮ್ಮ ಬಂಧುಗಳಿಗಿಂತ ಅವರು ಚೆನ್ನಾಗಿ ಹೇಳಬಲ್ಲರು. ಅವರ ಜೊತೆ ಸಿ.ಎ. ಓದಿದವರೋ, ಪರಿಚಯದವರೋ ಮೈಸೂರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ದಿನಾ ಸಿಗುವ ಆಪ್ತರಲ್ಲ, ಅಪರೂಪಕ್ಕೆ ಸಿಗುವ ಪರಿಚಿತರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ.

ಇನ್ನು ಸಂದೇಶ. ಅದನ್ನು ಎರಡು ತುಂಡು ಮಾಡಿ. ಮೊದಲನೆಯದು ಆಡಿಟರ್‌ಗೆ ಮಾತ್ರ:

‘ಸರ್, ನಮಸ್ಕಾರ. ಪೈಪ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆನಲ್ಲ, ಈಗ ಮೈಸೂರಿನಲ್ಲಿದ್ದೇನೆ. ಇಲ್ಲಿ ಕಾರ್ಖಾನೆಗಳ ಲೆಕ್ಕ ನೋಡುವ ಆಡಿಟರ್ ಯಾರಾದರೂ ನಿಮಗೆ ಪರಿಚಯವಿದ್ದರೆ ಕೆಳಗಿನ ಸಂದೇಶವನ್ನು ಕಳಿಸಿ, ನನ್ನ ಕೆಲಸ ನೋಡಿದ್ದೀರಿ ಎಂದು ಒಂದು ಮಾತು ಸೇರಿಸಿದರೆ ಸಾಕು. ಆಮೇಲೆ ನಾನೇ ಅವರಿಗೆ ಫೋನ್ ಮಾಡುತ್ತೇನೆ. ಯಾರೂ ಇಲ್ಲದಿದ್ದರೆ ಪರವಾಗಿಲ್ಲ ಸರ್.’

ಎರಡನೆಯದು, ಅವರು ಒಂದಕ್ಷರವನ್ನೂ ತಿದ್ದದೆ ಮುಂದಕ್ಕೆ ಕಳಿಸಬಹುದಾದದ್ದು:

‘ತಯಾರಿಕಾ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಬೇಕಾಗಿದೆ. ಬಿ.ಕಾಂ., 6 ವರ್ಷದ ಅನುಭವ, ಒಂದೇ ಕಂಪನಿ. ಟ್ಯಾಲಿಯಲ್ಲಿ ಸ್ಟಾಕ್ ಸಮೇತ ಪೂರ್ತಿ ಲೆಕ್ಕ, ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ, ಖರೀದಿಯನ್ನು 2ಬಿ ಜೊತೆ ತಾಳೆ ನೋಡುವುದು, ಟಿಡಿಎಸ್, ಪಿಎಫ್ ಸ್ವಂತವಾಗಿ ಮಾಡಿದ್ದೇನೆ. ಬ್ಯಾಲೆನ್ಸ್ ಶೀಟ್ ಅಂತಿಮಗೊಳಿಸುವುದು ಆಡಿಟರ್ ನೆರವಿನಿಂದ. ವಾಸ ವಿಜಯನಗರ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕಡೆ ಆಗುತ್ತದೆ, ನಂಜನಗೂಡು ದೂರವಾಗುತ್ತದೆ. ಕೂಡಲೇ ಸೇರಬಹುದು.’ ಕೆಳಗೆ ಹೆಸರು, ಫೋನ್ ನಂಬರ್, ಜೊತೆಗೆ ಬಯೋಡೇಟಾದ ಪಿಡಿಎಫ್.

(ವಿಜಯನಗರ, ಕೆಲಸದ ವಿವರ ಎಲ್ಲವೂ ನಾನು ಅಂದಾಜಿಗೆ ಹಾಕಿದ್ದು, ನಿಮ್ಮದನ್ನು ಬರೆದುಕೊಳ್ಳಿ.) ‘ಸ್ವಂತವಾಗಿ’ ಮತ್ತು ‘ನೆರವಿನಿಂದ’ ಎಂದು ಬೇರೆ ಮಾಡಿದ್ದನ್ನು ಗಮನಿಸಿ. ಮಾಲೀಕರು ಸಂದರ್ಶನದಲ್ಲಿ ಮೊದಲು ಕೆದಕುವುದೇ ಅದನ್ನು. ‘ಜಿಎಸ್‌ಟಿ ಗೊತ್ತು’ ಎಂದು ಎಲ್ಲರೂ ಬರೆಯುತ್ತಾರೆ. ಪೂರೈಕೆದಾರರು ಬಿಲ್ ಅಪ್‌ಲೋಡ್ ಮಾಡದೆ 2ಬಿಯಲ್ಲಿ ಕಾಣದಿದ್ದಾಗ ಅವರ ಬೆನ್ನು ಹತ್ತಿ ತೆರಿಗೆ ಕ್ರೆಡಿಟ್ ಉಳಿಸಿದವರು ಕಡಿಮೆ. ಅದನ್ನು ಮಾಡಿದ್ದರೆ ಒಂದು ಸಾಲು ಸೇರಿಸಿ. ದೂರವಾಗುವ ಊರನ್ನು ಹೇಳಿದ್ದೂ ಬೇಕಂತಲೇ. ಆಡಿಟರ್ ಮಾತಿಗೆ ಬೆಲೆ ಕೊಟ್ಟು ಮಾಲೀಕರು ಕರೆದು, ಆಮೇಲೆ ನೀವು ‘ದೂರ’ ಎಂದರೆ ಪರಿಚಯ ಮಾಡಿಸಿದವರಿಗೆ ಮುಜುಗರ. ಸಂಬಳದ ನಿರೀಕ್ಷೆಯನ್ನು ಮಾತ್ರ ಮುಂದಕ್ಕೆ ಹೋಗುವ ಸಂದೇಶದಲ್ಲಿ ಹಾಕಬೇಡಿ. ಆಡಿಟರ್ ಕೇಳಿದರೆ ಬಾಯಲ್ಲಿ ಹೇಳಿ.

ಸಮಯವನ್ನೂ ನೋಡಿಕೊಳ್ಳಿ. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬುದು ನಿಮಗೆ ಹೇಳಬೇಕಿಲ್ಲ. ಆ ದಿನಗಳಲ್ಲಿ ಬಂದ ಸಂದೇಶ ಆಡಿಟರ್ ಫೋನಿನಲ್ಲಿ ಕೆಳಗೆ ಹೂತುಹೋಗುತ್ತದೆ. 22ರ ನಂತರ ಕಳಿಸಿ. ಸೆಪ್ಟೆಂಬರ್ ತಿಂಗಳನ್ನಂತೂ ಬಿಟ್ಟೇಬಿಡಿ, ಆಗ ಅವರು ಟ್ಯಾಕ್ಸ್ ಆಡಿಟ್‌ನಲ್ಲಿ ಮುಳುಗಿರುತ್ತಾರೆ.

ಉತ್ತರ ನೋಡಿದರೆ ಸಂದೇಶ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ‘ಎಂಥ ಕೆಲಸ ನೋಡ್ತಿದ್ದೀರಮ್ಮ?’ ಎಂದು ತಿರುಗಿ ಕೇಳಿದರೆ ಏನೋ ಬಿಟ್ಟುಹೋಗಿದೆ. ‘ಇಂಥವರಿಗೆ ಕಳಿಸಿದ್ದೇನೆ, ನಾಳೆ ಫೋನ್ ಮಾಡಿ’ ಎಂದು ಬಂದರೆ ಸರಿಯಾಗಿದೆ. ಆಗ ನಾಳೆಯೇ ಮಾಡಿ, ಏನಾಯಿತೆಂದು ಕಳಿಸಿದವರಿಗೆ ಎರಡು ಸಾಲು ತಿಳಿಸಿ. ಕೆಲಸ ಆಗದಿದ್ದರೂ ತಿಳಿಸಿ. ತಿಳಿಸದವರಿಗೆ ಎರಡನೇ ಸಲ ಯಾರೂ ಫೋನ್ ತಿರುಗಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಒಂದು ದೊಡ್ಡ ಕಂಪನಿಯ ಜಾಗಕ್ಕೆ ಅರ್ಜಿ ಹಾಕಿ, ಆಮೇಲೆ ಅಲ್ಲಿರುವ ನಮ್ಮ ಕಾಲೇಜಿನ ಸೀನಿಯರ್‌ಗೆ ರೆಫರ್ ಮಾಡಲು ಕೇಳಿದೆ. ಆಗುವುದಿಲ್ಲ ಎಂದರು. ಮನಸ್ಸಿಲ್ಲದೆ ಹಾಗೆಂದರೇ?
– ಆರ್., ಬೆಂಗಳೂರು

ಉತ್ತರ: ಇರಲಿಕ್ಕಿಲ್ಲ. ಅನೇಕ ಕಂಪನಿಗಳಲ್ಲಿ ಅರ್ಜಿ ಒಮ್ಮೆ ನೇರವಾಗಿ ಬಂದುಬಿಟ್ಟರೆ ಅದೇ ಮಿಂಚಂಚೆಯಿಂದ ರೆಫರಲ್ ದಾಖಲಿಸಲು ವ್ಯವಸ್ಥೆ ಬಿಡುವುದಿಲ್ಲ, ಕೆಲವೆಡೆ ತಿಂಗಳುಗಟ್ಟಲೆ ತಡೆಯೂ ಇರುತ್ತದೆ. ಹಾಗಾಗಿ ಮುಂದಿನ ಸಲ ಮೊದಲು ಕೇಳಿ, ಅವರು ಹಾಕಿದ ಮೇಲೆ ಅರ್ಜಿ ತುಂಬಿ. ಕೇಳುವಾಗ ಕಂಪನಿಯ ವೆಬ್‌ಸೈಟಿನಲ್ಲಿರುವ ಜಾಬ್ ಐಡಿ ಕೊಡಿ. ‘ನಿಮ್ಮ ಕಂಪನಿಯಲ್ಲಿ ಏನಾದರೂ ಇದೆಯಾ’ ಎಂದರೆ ಸಾವಿರಾರು ಜಾಗಗಳ ಪಟ್ಟಿಯಲ್ಲಿ ಅವರು ನಿಮಗಾಗಿ ಹುಡುಕಬೇಕು, ಅಷ್ಟು ಪುರುಸೊತ್ತು ಯಾರಿಗಿದೆ? ಈಗ ಹಾಕಿರುವ ಅರ್ಜಿಗೆ ಬೇರೆ ದಾರಿಯಿದೆ. ಆ ತಂಡದ ಮ್ಯಾನೇಜರ್ ಯಾರೆಂದು ಸೀನಿಯರ್ ಅವರನ್ನು ಕೇಳಿ, ‘ಇಂಥ ಐಡಿಗೆ ಅರ್ಜಿ ಹಾಕಿದ್ದಾನೆ, ನಮ್ಮ ಕಾಲೇಜಿನವನು’ ಎಂದು ಅವರಿಗೆ ಒಂದು ಸಾಲು ಕಳಿಸಲು ಕೋರಿ. ಪೋರ್ಟಲ್‌ನಲ್ಲಿ ದಾಖಲಾಗಿ ಸುಮ್ಮನೆ ಬಿದ್ದಿರುವ ರೆಫರಲ್‌ಗಿಂತ ಆ ಒಂದು ಸಾಲಿಗೆ ಎಷ್ಟೋ ಸಲ ತೂಕ ಹೆಚ್ಚು.

ಪ್ರಶ್ನೆ: ಮುಖವನ್ನೇ ನೋಡದವರು ‘ಅಣ್ಣಾ, ರೆಫರ್ ಮಾಡಿ’ ಎನ್ನುತ್ತಾರೆ. ಇಲ್ಲ ಎನ್ನಲು ದಾಕ್ಷಿಣ್ಯ, ಹೌದು ಎನ್ನಲು ಭಯ.
– ಕೆ. ವಿ., ಹುಬ್ಬಳ್ಳಿ

ಉತ್ತರ: ರೆಫರ್ ಮಾಡುವಾಗ ಹೆಚ್ಚಾಗಿ ‘ಇವರನ್ನು ಹೇಗೆ ಬಲ್ಲಿರಿ’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಇದ್ದದ್ದನ್ನೇ ಬರೆಯಿರಿ: ‘ನಮ್ಮೂರಿನವರು, ಇವರ ಕೆಲಸವನ್ನು ನಾನು ನೋಡಿಲ್ಲ.’ ಹೀಗೇ ಬರೆಯುತ್ತೇನೆಂದು ಕೇಳಿದವರಿಗೂ ಮೊದಲೇ ಹೇಳಿಬಿಡಿ. ಒಪ್ಪಿದರೆ ದಾಖಲಿಸಿ, ಒಪ್ಪದಿದ್ದರೆ ಬಿಡಿ. ನೋಡದ ಕೆಲಸಕ್ಕೆ ಜಾಮೀನು ನಿಲ್ಲುವುದಂತೂ ಬೇಡ.