ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್ (ಡಿಪಿಎಫ್): ಮಸಿ ಹಿಡಿದು ಸುಡುವ ಬಗೆ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ದೇಶದಾದ್ಯಂತ ಜಾರಿಯಾದ ಮೇಲೆ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಸಾಮಾನ್ಯವಾಯಿತು. ಇದು ಜೇನುಗೂಡಿನಂಥ ಸೆರಾಮಿಕ್ ಶೋಧಕ. ಅಕ್ಕಪಕ್ಕದ ನಾಳಗಳಲ್ಲಿ ಒಂದರ ಬಾಯಿ, ಇನ್ನೊಂದರ ತುದಿ ಮುಚ್ಚಿರುವುದರಿಂದ ಹೊಗೆ ಸೂಕ್ಷ್ಮರಂಧ್ರಗಳ ಗೋಡೆ ದಾಟಿಯೇ ಹೊರಹೋಗಬೇಕು. ಮಸಿ ಒಳಗೇ ಉಳಿಯುತ್ತದೆ.

ಮಸಿ ತುಂಬಿದಂತೆ ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ. ಸೆನ್ಸರ್ ಇದನ್ನು ತಿಳಿಸಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದು ಆಕ್ಸಿಡೇಷನ್ ಕ್ಯಾಟಲಿಸ್ಟ್‌ನಲ್ಲಿ ಉರಿದು ಹೊಗೆಯ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೇರಿದಾಗ ಮಸಿ ಸುಟ್ಟು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದೇ ಸಕ್ರಿಯ ರಿಜನರೇಷನ್. ಹೆದ್ದಾರಿ ಓಟದಲ್ಲಿ ಸುಮಾರು 250–400 ಡಿಗ್ರಿಯಲ್ಲೇ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಉತ್ಕರ್ಷಿಸುವುದು ನಿಷ್ಕ್ರಿಯ ವಿಧಾನ.

ಪೇಟೆಯೊಳಗಿನ ಗಿಡ್ಡ ಓಡಾಟದಲ್ಲಿ ಸಕ್ರಿಯ ರಿಜನರೇಷನ್ ಅರ್ಧಕ್ಕೇ ನಿಂತರೆ ಎಚ್ಚರಿಕೆ ದೀಪ ಹೊತ್ತುತ್ತದೆ, ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಯಲೂಬಹುದು. ನೆನಪಿಡಿ: ಫಿಲ್ಟರಿನಲ್ಲಿ ಸೇರುವ ಆಯಿಲಿನ ಬೂದಿ ಮಾತ್ರ ಸುಡುವುದಿಲ್ಲ.