ಇಂಗ್ಲಿಷಿನಲ್ಲಿ ‘ಬೀ’ ಎಲ್ಲಿ, ‘ವರ್’ ಎಲ್ಲಿ?

ಉದ್ಯೋಗಪರೀಕ್ಷೆಗಳಿಗೆ ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಜಯನಗರ, ಬನಶಂಕರಿಗಳಿಂದ ನಮ್ಮ ಬಳಿಗೆ ತರುವ ಪ್ರಶ್ನೆಗಳಲ್ಲಿ ಒಂದು ಬಗೆಯದು ಮೇಲಿಂದ ಮೇಲೆ ಕಾಣುವುದುಂಟು. ವಾಕ್ಯದಲ್ಲಿ ಒಂದು ಪದವನ್ನು ತೆರವು ಬಿಟ್ಟು, ಈಸ್, ವಾಸ್, ವರ್, ಬೀ ಎಂಬ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಉದಾಹರಣೆಗೆ: ‘ದಿ ಮ್ಯಾನೇಜರ್ ಇನ್ಸಿಸ್ಟೆಡ್ ದಟ್ ದಿ ಕ್ಲರ್ಕ್ —— ಪ್ರೆಸೆಂಟ್ ದಿ ನೆಕ್ಸ್ಟ್ ಡೇ.’

ಇನ್ಸಿಸ್ಟೆಡ್ ಎಂಬುದು ಭೂತಕಾಲವಾದುದರಿಂದ ಅನೇಕರು ವಾಸ್ ಎಂಬುದಕ್ಕೆ ಗುರುತು ಹಾಕುತ್ತಾರೆ. ಇಲ್ಲಿ ಕಾಲವನ್ನಲ್ಲ, ಅಭಿಪ್ರಾಯವನ್ನು ನೋಡತಕ್ಕದ್ದು. ವಾಕ್ಯವನ್ನು ಕನ್ನಡಕ್ಕೆ ತಿರುಗಿಸೋಣ: ‘ಗುಮಾಸ್ತನು ಮರುದಿನ ಹಾಜರಿರಬೇಕೆಂದು ವ್ಯವಸ್ಥಾಪಕರು ಒತ್ತಾಯಪಡಿಸಿದರು.’ ‘ಬೇಕೆಂದು’ ಎಂಬ ಮಾತು ಬಂದಿತಲ್ಲವೆ? ಹಾಗೆ ಬಂದರೆ ಇಂಗ್ಲಿಷಿನಲ್ಲಿ ಕ್ರಿಯಾಪದದ ಮೂಲರೂಪವನ್ನೇ ಇಡಬೇಕು, ಉತ್ತರ ಬೀ. ಬೇರೆ ಕ್ರಿಯಾಪದವಾದರೆ ಗೋಸ್ ಅಲ್ಲ, ವೆಂಟ್ ಅಲ್ಲ, ಗೋ. ನಿಷೇಧಕ್ಕೆ ಡಿಡ್ ಸೇರದು. ‘ದಟ್ ಶೀ ನಾಟ್ ಗೋ’ ಎಂದಷ್ಟೇ ಬರೆಯುವುದು. ಶುಡ್ ಬೀ, ಶುಡ್ ಗೋ ಎಂದರೂ ತಪ್ಪಲ್ಲ. ಇಂಗ್ಲೆಂಡಿನವರು ಹೆಚ್ಚಾಗಿ ಹಾಗೆಯೇ ಹೇಳುತ್ತಾರೆ.

ಆದರೆ ಇನ್ಸಿಸ್ಟ್ ಕಂಡಲ್ಲೆಲ್ಲಾ ಬೀ ಹಾಕುವವರು ಮತ್ತೊಂದು ಬಲೆಗೆ ಬೀಳುತ್ತಾರೆ. ‘ಗುಮಾಸ್ತನು ಗೈರುಹಾಜರೆಂದು ಬರೆದಿದ್ದರೂ, ಅವನು ಅಲ್ಲಿಯೇ ಇದ್ದನೆಂದು ಗೆಳೆಯನು ಸಾಧಿಸಿದನು’ ಎಂಬಲ್ಲಿಯೂ ಇನ್ಸಿಸ್ಟೆಡ್ ಎಂಬುದೇ ಬರುತ್ತದೆ. ಇಲ್ಲಿ ಆತನು ಬೇಡುತ್ತಿಲ್ಲ. ನಡೆದುದನ್ನು ನಿಜವೆಂದು ಹೇಳುತ್ತಿದ್ದಾನೆ. ಆದಕಾರಣ ವಾಸ್ ಎಂಬುದೇ ಸರಿ. ಸಜೆಸ್ಟ್ ಎಂಬುದಕ್ಕೂ ಇದೇ ನ್ಯಾಯ. ‘ಆಕೆ ವೈದ್ಯರನ್ನು ಕಾಣಲಿ’ ಎಂಬ ಸಲಹೆಯಾದರೆ ‘ದಟ್ ಶೀ ಸೀ ಎ ಡಾಕ್ಟರ್’. ‘ಮುಖವೇ ಆಕೆ ಅಸ್ವಸ್ಥಳೆಂದು ಸೂಚಿಸುತ್ತದೆ’ ಎಂದಾದರೆ ‘ದಟ್ ಶೀ ಈಸ್ ಇಲ್’.

ವಿಷ್ ಎಂಬುದರ ದಾರಿಯೇ ಬೇರೆ. ಅದರ ಮುಂದೆ ಇಲ್ಲದುದನ್ನು ಬಯಸುವೆವು: ‘ನಾನು ಈಗ ಮನೆಯಲ್ಲಿದ್ದಿದ್ದರೆ!’ ಇದಕ್ಕೆ ‘ಐ ವಿಷ್ ಐ ವರ್ ಅಟ್ ಹೋಮ್’. ಕನ್ನಡದಲ್ಲಿ ‘ಈಗ’ ಎಂದಿದ್ದರೂ ‘ಇದ್ದಿದ್ದರೆ’ ಎಂದು ಭೂತಕಾಲದ ರೂಪವನ್ನು ಹೇಗೆ ಬಳಸುತ್ತೇವೆಯೋ, ಇಂಗ್ಲಿಷೂ ಹಾಗೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ನಿನ್ನೆಯ ಮಾತಾದರೆ ಇನ್ನೊಂದು ಹೆಜ್ಜೆ ಸರಿದು ‘ಹ್ಯಾಡ್ ಬೀನ್’ ಆಗುತ್ತದೆ. ಮಾತಿನಲ್ಲಿ ‘ಐ ವಿಷ್ ಐ ವಾಸ್’ ಎಂಬುದೂ ಕೇಳಿಬರುತ್ತದೆ; ಎರಡೂ ಉತ್ತರಗಳಿದ್ದರೆ ಪರೀಕ್ಷಕರು ಬಯಸುವುದು ವರ್.

ಇಫ್ ಕಂಡೊಡನೆ ವರ್ ಎನ್ನಲೂಬಾರದು. ‘ಇಫ್ ಐ ವರ್ ಎ ಬರ್ಡ್’ ಎಂಬುದು ಆಗದ ಮಾತು. ‘ನಿನ್ನೆ ಅವನು ಮನೆಯಲ್ಲಿದ್ದರೆ ಗಂಟೆ ಕೇಳಿಸಿರಬೇಕು’ ಎಂಬುದಾದರೋ ಇದ್ದಿರಲೂಬಹುದಾದ ಸಂಗತಿ. ಅಲ್ಲಿ ‘ಇಫ್ ಹೀ ವಾಸ್ ಅಟ್ ಹೋಮ್’.

ಆದುದರಿಂದ ತೆರವಿನ ಹಿಂದಿನ ಪದವೊಂದನ್ನೇ ನೋಡದೆ, ವಾಕ್ಯವನ್ನು ಕಡೆಯವರೆಗೆ ಓದಿ, ಹೀಗೆ ಕೇಳಿಕೊಳ್ಳಿರಿ: ಇದು ಆಗಬೇಕೆಂಬ ಮಾತೋ, ಇಲ್ಲದುದರ ಮಾತೋ, ನಡೆದಿರುವ ಮಾತೋ? ಮೊದಲನೆಯದಕ್ಕೆ ಬೀ, ಎರಡನೆಯದಕ್ಕೆ ವರ್, ಮೂರನೆಯದಕ್ಕೆ ಕಾಲಕ್ಕೆ ತಕ್ಕಂತೆ ಈಸ್ ಅಥವಾ ವಾಸ್.